ಎನ್‌ಆರ್‌ಒ ಖಾತೆಯ ಸ್ವೀಪ್ ಎಂಟ್ರಿ ತಾಳೆ ನೋಡುವುದು ಹೇಗೆ

"ಸರ್, ದುಬೈಗೆ ಬಂದು ನಾಲ್ಕು ತಿಂಗಳಾಯ್ತು. ಊರಿನ ಉಳಿತಾಯ ಖಾತೆಯನ್ನ ಎನ್‌ಆರ್‌ಒ ಮಾಡಿಸಿದೀನಿ. ಸ್ಟೇಟ್‌ಮೆಂಟಲ್ಲಿ ನಾನು ಮಾಡದ ಸ್ವೀಪ್ ಎಂಟ್ರಿಗಳಿವೆ. ಸರಿ ಇದಾವಾ ಅಂತ ಹೇಗೆ ನೋಡೋದು?"

ಸ್ವೀಪ್ ಎಂದರೆ ಖಾತೆಯಲ್ಲಿ ಗೊತ್ತುಪಡಿಸಿದ ಮಿತಿ ಮೀರಿದ ಹಣ ತಾನಾಗಿಯೇ ಠೇವಣಿಗೆ ಹೋಗುವುದು, ಕೊರತೆ ಬಿದ್ದಾಗ ಠೇವಣಿ ಮುರಿದು ವಾಪಸ್ ಬರುವುದು. ಸ್ಟೇಟ್‌ಮೆಂಟ್ ಒಂದನ್ನೇ ನೋಡಿದರೆ ಅದು ಸರಿಯೋ ಎಂದು ತಿಳಿಯುವುದಿಲ್ಲ. ನೆಟ್‌ಬ್ಯಾಂಕಿಂಗ್‌ನಲ್ಲಿ ಠೇವಣಿಗಳ ಪಟ್ಟಿಯನ್ನೂ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. ಖಾತೆಯಿಂದ ಸ್ವೀಪ್ ಆಗಿ ಹೋದ ಪ್ರತಿ ಮೊತ್ತಕ್ಕೂ ಅದೇ ತಾರೀಖಿನ, ಅಷ್ಟೇ ಮೊತ್ತದ ಒಂದು ಠೇವಣಿ ಅಲ್ಲಿರಬೇಕು.

ಹಣ ವಾಪಸ್ ಬರುವ ಕಡೆಯೇ ತಪ್ಪು ಹೆಚ್ಚು, ಅಲ್ಲಿ ನಿಧಾನವಾಗಿ ನೋಡಿ. ನಿಮ್ಮ ಮಿತಿ 50,000 ರೂಪಾಯಿ, ಸ್ವೀಪ್ ಸಾವಿರದ ಲೆಕ್ಕದಲ್ಲಿ ಎಂದಿಟ್ಟುಕೊಳ್ಳಿ. ಏಪ್ರಿಲ್ 3ರಂದು 85,000, ಏಪ್ರಿಲ್ 20ರಂದು 40,000 ಠೇವಣಿಗೆ ಹೋಗಿ ಖಾತೆಯಲ್ಲಿ 50,900 ಉಳಿದಿದೆ. ಜೂನ್ 10ಕ್ಕೆ 72,500 ರೂಪಾಯಿಯ ಗೃಹಸಾಲದ ಕಂತು ಬಂತು. ಕೊರತೆ 21,600, ಹಾಗಾಗಿ 22,000 ಮುರಿಯಬೇಕು. ಕೊನೆಗೆ ಇಟ್ಟದ್ದು ಮೊದಲು ಮುರಿಯುವ ಪದ್ಧತಿಯಾದರೆ 40,000ದ ಠೇವಣಿ 18,000ಕ್ಕೆ ಇಳಿದಿರಬೇಕು, 85,000 ಹಾಗೇ ಇರಬೇಕು. ಹಳೆಯದು ಮುರಿದಿದ್ದರೆ ಖಾತೆಯ ನಿಯಮ ಬೇರೆ ಇದೆಯಾ ಎಂದು ಅರ್ಜಿಯಲ್ಲಿ ನೋಡಿ. 40,000 ಪೂರ್ತಿ ಮುಚ್ಚಿಹೋಗಿದ್ದರೆ, ಭಾಗಶಃ ಮುರಿಯುವ ಸೌಲಭ್ಯವಿರುವ ಖಾತೆಯಲ್ಲಿ ಅದು ತಪ್ಪು.

ಮುರಿದ ಭಾಗದ ಬಡ್ಡಿ ಇಟ್ಟಿದ್ದ 51 ದಿನಕ್ಕೆ ಮಾತ್ರ. ಆ ಅವಧಿಯ ದರ 5%, ದಂಡ 0.5% ಎಂದಾದರೆ 22,000 × 4.5% × 51/365, ಅಂದರೆ ಸುಮಾರು 138 ರೂಪಾಯಿ. ಎನ್‌ಆರ್‌ಒ ಬಡ್ಡಿಗೆ ಸಾಮಾನ್ಯವಾಗಿ ಸೆಸ್ ಸೇರಿ 31.2% ಟಿಡಿಎಸ್. ಸುಮಾರು 43 ಕಡಿತವಾಗಿ 95 ರೂಪಾಯಿ ಜಮೆಯಾಗಿರಬೇಕು.

ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಇರುವುದು ಬೇರೆ ಕಡೆ. ಖಾತೆ ಎನ್‌ಆರ್‌ಒ ಆಗುವ ಮೊದಲು ಶುರುವಾಗಿದ್ದ ಠೇವಣಿಗಳು ನಿವಾಸಿ ಹೆಸರಲ್ಲೇ ಉಳಿದುಬಿಡುವುದುಂಟು. ಪಟ್ಟಿಯಲ್ಲಿ ಪ್ರತಿಯೊಂದರ ವರ್ಗ ನೋಡಿ. ಟಿಡಿಎಸ್ 10% ಕಡಿತವಾಗಿದ್ದರೂ, ಏನೂ ಕಡಿತವಾಗದಿದ್ದರೂ ಅದೇ ಸುಳಿವು. ಆಮೇಲೆ ತೆರಿಗೆಯ ಬಾಕಿ ನಿಮ್ಮ ತಲೆಗೇ ಬರುತ್ತದೆ, ಅದಕ್ಕೇ ಈಗಲೇ ಸರಿಪಡಿಸಿಕೊಳ್ಳಿ.

ಮುಂದೆ ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆ ತೆರೆದು ಸ್ವೀಪ್ ಹಾಕಿಸಿದರೆ ಲೆಕ್ಕ ಬದಲಾಗುತ್ತದೆ. ಎನ್‌ಆರ್‌ಇ ಠೇವಣಿ ಒಂದು ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಇಲ್ಲ. ಅಲ್ಲಿ ಬಡ್ಡಿ ಸೊನ್ನೆ ಕಂಡರೆ ಬ್ಯಾಂಕಿನ ತಪ್ಪಲ್ಲ. ಪದೇಪದೇ ಕಂತು ಹೋಗುವ ಖಾತೆಗೆ ಅದನ್ನು ಹಾಕಿಸಬೇಡಿ.

ವ್ಯತ್ಯಾಸ ಸಿಕ್ಕರೆ ಠೇವಣಿ ಸಂಖ್ಯೆ, ತಾರೀಖು, ಬರಬೇಕಿದ್ದ ಮೊತ್ತ, ಬಂದ ಮೊತ್ತ ಈ ನಾಲ್ಕನ್ನು ಬರೆದು ಶಾಖೆಗೆ ಇಮೇಲ್ ಮಾಡಿ, ದೂರಿನ ಸಂಖ್ಯೆ ಕೇಳಿ ಪಡೆದುಕೊಳ್ಳಿ.