ಕೈಸಾಲೆಯ ಕತ್ತಲು, ಹೊರಗಿನ ಬಿಸಿಲು: ಒಂದೇ ಫೋಟೋದಲ್ಲಿ ಎರಡೂ ಉಳಿಯಬೇಕಾದರೆ

ಪ್ರಶ್ನೆ: ಸೋಮನಾಥಪುರದಲ್ಲಿ ಕೈಸಾಲೆ ಒಳಗೆ ನಿಂತು ದೇವಸ್ಥಾನದ ಫೋಟೋ ತೆಗೆದೆ. ಆಕಾಶ ಚೆನ್ನಾಗಿ ಬಂದಿದೆ, ಕಂಬಗಳೆಲ್ಲ ಕಪ್ಪು. ಎಚ್‌ಡಿಆರ್ ಮಾಡಿದರೆ ಗೋಪುರದ ಸುತ್ತ ಬಿಳಿ ಗೆರೆ ಬರುತ್ತೆ. ಇರೋದು ಒಂದೇ ಫೋಟೋ. ಏನು ಮಾಡಲಿ?

ನಿಮ್ಮ ಹತ್ತಿರ ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟುಕೊಂಡಿರುವ ರಾ ಫೈಲ್ ಇದೆಯಾ, ಬರೀ ಜೆಪೆಗ್ ಇದೆಯಾ ಅನ್ನುವುದರ ಮೇಲೆ ಅರ್ಧ ಉತ್ತರ ನಿಂತಿದೆ. ಜೆಪೆಗ್‌ನಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು ಮಾತ್ರ. ನಿಮ್ಮ ಕಂಬದ ನೆರಳು 0 ಯಿಂದ 10ರ ಒಳಗೆ ಕೂತಿದೆ ಅಂದುಕೊಳ್ಳಿ. ಒಂದು ಸ್ಟಾಪ್ ಏರಿಸುವುದು ಅಂದರೆ ಬೆಳಕನ್ನು ಎರಡರಷ್ಟು ಮಾಡುವುದು, ಜೆಪೆಗ್ ಅಂಕಿ ಮಾತ್ರ ಅಷ್ಟು ಏರುವುದಿಲ್ಲ. ಆ ನೆರಳನ್ನು ಮೂರು ಸ್ಟಾಪ್ ಏರಿಸಿದರೆ 10 ಇದ್ದದ್ದು ಸುಮಾರು 43 ಆಗುತ್ತದೆ. ಇರುವ ಹನ್ನೊಂದೇ ಮೆಟ್ಟಿಲು ಅಷ್ಟು ಜಾಗಕ್ಕೆ ಹರಡಬೇಕು. ಕಲ್ಲಿನ ಮೇಲೆ ಪಟ್ಟೆಪಟ್ಟೆ ಕಾಣುವುದು ಅದಕ್ಕೇ. ಜೆಪೆಗ್ ಮಾತ್ರ ಇದ್ದರೆ ಒಂದೂವರೆ ಸ್ಟಾಪ್‌ಗೆ ನಿಲ್ಲಿಸಿ, ಕಂಬಗಳು ಸ್ವಲ್ಪ ಕಪ್ಪಾಗಿಯೇ ಇರಲಿ. ಮುಂದೆ ಹೇಳುವುದೆಲ್ಲ ರಾ ಫೈಲ್ ಇದ್ದವರಿಗೆ.

ನಾನು ಮೈಸೂರಿನವನು, ಇದೇ ಜಾಗದಲ್ಲಿ ಇದೇ ತಪ್ಪು ಮಾಡಿದ್ದೇನೆ. ನನ್ನ ಫೋಟೋ ಐಎಸ್‌ಓ 100, f/8, 1/500 ಸೆಕೆಂಡ್. ಬಿಸಿಲಲ್ಲಿದ್ದ ಗೋಪುರಕ್ಕೂ ಮೋಡಕ್ಕೂ ಅದು ಸರಿ. ಒಳಗಿನ ಕಂಬಕ್ಕೆ ಮೀಟರ್ ಹಿಡಿದರೆ 1/15 ತೋರಿಸುತ್ತಿತ್ತು, ಅಂದರೆ ಐದು ಸ್ಟಾಪ್ ವ್ಯತ್ಯಾಸ. ಮನೆಗೆ ಬಂದು ಆ ಐದನ್ನೂ ಏರಿಸಿದೆ. ಮಂಡ್ಯದ ನಮ್ಮ ಅತ್ತೆ ನೋಡಿ, "ಒಳಗಡೆ ಟ್ಯೂಬ್‌ಲೈಟ್ ಹಾಕಿಸಿದ್ದಾರೇನೋ?" ಅಂದರು. ಅವರು ಹೇಳಿದ್ದು ಸರಿ. ಒಳಗೆ ನಿಂತಾಗ ನಮ್ಮ ಕಣ್ಣಿಗೂ ಹೊರಗಿನ ಬಿಸಿಲೇ ಜಾಸ್ತಿ ಬೆಳಕು. ನೆರಳು ಬಿಸಿಲಿಗಿಂತ ಎರಡು ಸ್ಟಾಪ್ ಕೆಳಗೆ ಉಳಿದರೇನೇ ಅದು ನೆರಳು. ಹಾಗಾಗಿ ಈಗ ನಾನು ಐದರಲ್ಲಿ ಮೂರು ಮಾತ್ರ ಏರಿಸುತ್ತೇನೆ.

ಶುರು ಮಾಡುವ ಮುಂಚೆ ಆಕಾಶ ನಿಜವಾಗಿಯೂ ಉಳಿದಿದೆಯಾ ನೋಡಿ. ಕ್ಯಾಮೆರಾ ಹಿಂದಿನ ಹಿಸ್ಟೋಗ್ರಾಮ್ ನಂಬಬೇಡಿ, ಅದು ಜೆಪೆಗ್‌ನದು. ಡಾರ್ಕ್‌ಟೇಬಲ್‌ನಲ್ಲಿ ರಾ ಫೈಲ್‌ನಲ್ಲೇ ಬೆಳಕು ಮಿತಿಮೀರಿ ತುಂಬಿಹೋದ ಜಾಗ ತೋರಿಸುವ ಬಟನ್ ಇದೆ. ಮೋಡದಲ್ಲಿ ಕೆಂಪು, ಹಸಿರು, ನೀಲಿಯಲ್ಲಿ ಒಂದು ಮಾತ್ರ ತುಂಬಿದ್ದರೆ ಉಳಿದೆರಡರಿಂದ ಊಹಿಸಿ ಕಟ್ಟಬಹುದು. ಮೂರೂ ತುಂಬಿದ್ದರೆ ಅಲ್ಲಿ ಏನೂ ಇಲ್ಲ. ಎಷ್ಟು ಇಳಿಸಿದರೂ ಬೂದಿ ಬಣ್ಣದ ತೇಪೆ ಬರುತ್ತದೆ, ಅಷ್ಟೇ.

ಇನ್ನು ಆ ಬಿಳಿ ಗೆರೆ. ಎಚ್‌ಡಿಆರ್ ಮಾಡುವ ದಾರಿ ಟೋನ್ ಮ್ಯಾಪಿಂಗ್ ಇರಲಿ, ಎಕ್ಸ್‌ಪೋಶರ್ ಬ್ಲೆಂಡಿಂಗ್ ಇರಲಿ, ಒಳಗೆ ನಡೆಯುವುದು ಒಂದೇ ಕೆಲಸ: ಎಲ್ಲಿ ಎಷ್ಟು ಬೆಳಕು ಏರಿಸಬೇಕು ಅಂತ ಒಂದು ಕಪ್ಪು-ಬಿಳಿ ನಕ್ಷೆ ತಯಾರಾಗುತ್ತದೆ. ಟೋನ್ ಮ್ಯಾಪಿಂಗ್‌ನಲ್ಲಿ ಆ ನಕ್ಷೆ ಕಣ್ಣಿಗೆ ಕಾಣದು. ಬ್ಲೆಂಡಿಂಗ್‌ನಲ್ಲಿ ನೀವೇ ಮಾಡುತ್ತೀರಿ. ಆದ್ದರಿಂದ ಒಂದು ಸಲ ಕೈಯಾರೆ ಮಾಡಿ ನೋಡಿದರೆ ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ಗೊತ್ತಾಗುತ್ತದೆ.

ಒಂದೇ ರಾ ಫೈಲನ್ನು ಎರಡು ಸಲ ತೆಗೆಯಿರಿ. ಒಂದು ಇದ್ದಂತೆಯೇ, ಹೆಸರು `sky.tif`. ಇನ್ನೊಂದು ಎಕ್ಸ್‌ಪೋಶರ್ ಮೂರು ಸ್ಟಾಪ್ ಏರಿಸಿ, ಹೆಸರು `shade.tif`. ಎರಡೂ 16 ಬಿಟ್ ಇರಲಿ. ಇದರಿಂದ ಹೊಸ ವಿವರವೇನೂ ಹುಟ್ಟುವುದಿಲ್ಲ, ಇದ್ದದ್ದೇ ಎರಡು ಕಡೆ ಕಾಣುತ್ತದೆ. ಆದರೆ ಒಂದು ಲಾಭ ಇದೆ. ಮೂರು ಸ್ಟಾಪ್ ಏರಿಸಿದ ನೆರಳಿನಲ್ಲಿ ರವೆ ಉದುರಿಸಿದ ಹಾಗೆ ನಾಯ್ಸ್ ಕಾಣುತ್ತದೆ. ಅದನ್ನು `shade.tif` ಒಂದರಲ್ಲಿ ಮಾತ್ರ ಕಡಿಮೆ ಮಾಡಬಹುದು, ಬಿಸಿಲಲ್ಲಿರುವ ಗೋಪುರದ ಕೆತ್ತನೆ ಮುಟ್ಟದೇ ಉಳಿಯುತ್ತದೆ.

ಗಿಂಪ್‌ನಲ್ಲಿ `shade.tif` ಕೆಳಗೆ, `sky.tif` ಮೇಲೆ ಇಡಿ. ಮೇಲಿನ ಲೇಯರ್‌ಗೆ ಮಾಸ್ಕ್ ಸೇರಿಸುವಾಗ `Grayscale copy of layer` ಆರಿಸಿ. ಈ ಮಾಸ್ಕೇ ನಿಮ್ಮ ನಕ್ಷೆ. ಆಕಾಶ ಬೆಳ್ಳಗಿದೆ, ಅಲ್ಲಿ ಮೇಲಿನ ಚಿತ್ರ ಕಾಣುತ್ತದೆ. ಕಂಬ ಕಪ್ಪಗಿದೆ, ಅಲ್ಲಿ ಕೆಳಗಿನದು ಕಾಣುತ್ತದೆ.

ಇಷ್ಟಕ್ಕೇ ಬಿಟ್ಟರೆ ಬಿಳಿ ಗೆರೆ ಬರುವುದಿಲ್ಲ, ಆದರೆ ಚಿತ್ರ ಸಪ್ಪೆ. ಯಾಕೆಂದರೆ ನಕ್ಷೆಯಲ್ಲಿ ಕೆತ್ತನೆಯ ಒಂದೊಂದು ಗೆರೆಯೂ ಇದೆ. ಉಬ್ಬಿದ ಜಾಗಕ್ಕೆ ಕಮ್ಮಿ ಬೆಳಕು, ತಗ್ಗಿಗೆ ಜಾಸ್ತಿ ಬೆಳಕು ಸಿಗುತ್ತದೆ. ಬಳಪದ ಕಲ್ಲಿನ ಆನೆಸಾಲು ಅಚ್ಚು ಒತ್ತಿದ ಹಾಗೆ ಚಪ್ಪಟೆ ಆಗುತ್ತದೆ. ಸರಿ ಅಂತ ಮಾಸ್ಕನ್ನು ಮಾಮೂಲಿ ಗಾಸಿಯನ್ ಬ್ಲರ್‌ನಿಂದ ಮಸುಕು ಮಾಡಿದರೆ ಕೆತ್ತನೆಗೆ ಜೀವ ಬರುತ್ತದೆ. ಆದರೆ ಅಂಚಿನಲ್ಲಿ ಎಡವಟ್ಟು. ಗೋಪುರದ ಕಪ್ಪು ನಕ್ಷೆಯಲ್ಲಿ ಆಕಾಶದ ಕಡೆಗೆ ಸೋರುತ್ತದೆ, ಅಲ್ಲಿ ಆಕಾಶಕ್ಕೂ ಒಂದಿಷ್ಟು ಬೆಳಕು ಏರಿಬಿಡುತ್ತದೆ. ನೀವು ನೋಡಿದ ಬಿಳಿ ಗೆರೆ ಅದೇ.

ಹಾಗಾಗಿ ಬೇಕಾಗಿರುವುದು ಒಳಗೆಲ್ಲ ಮಸುಕು, ಅಂಚಿನಲ್ಲಿ ಮಾತ್ರ ಚೂಪು. ಗಿಂಪ್‌ನಲ್ಲಿ ಇದಕ್ಕೆ `Selective Gaussian Blur` ಇದೆ. ಬೆಳಕು ಹತ್ತಿರಹತ್ತಿರ ಇರುವ ಜಾಗಗಳನ್ನು ಮಾತ್ರ ಅದು ಬೆರೆಸುತ್ತದೆ, ಗೋಪುರ ಮತ್ತು ಆಕಾಶದಂಥ ದೊಡ್ಡ ವ್ಯತ್ಯಾಸ ಬಂದಲ್ಲಿ ನಿಲ್ಲುತ್ತದೆ. ಮಾಸ್ಕ್ ಆರಿಸಿಕೊಂಡೇ ಅದನ್ನು ಓಡಿಸಿ, ಆಮೇಲೆ ಚಿತ್ರವನ್ನು 100% ಗೆ ಹಿಗ್ಗಿಸಿ ಗೋಪುರದ ಅಂಚಿನುದ್ದಕ್ಕೂ ನಿಧಾನವಾಗಿ ಹೋಗಿ. ನೀಲಿ ಒಂದೇ ಸಮ ಇದ್ದರೆ ಗೆದ್ದಿರಿ. ಅಂಚಿನ ಹತ್ತಿರ ತಿಳಿಯಾಗುತ್ತಾ ಬಂದರೆ ಎಷ್ಟು ವ್ಯತ್ಯಾಸದವರೆಗೆ ಬೆರೆಸಬೇಕು ಅನ್ನುವ ಮಿತಿ ಇನ್ನೂ ಬಿಗಿ ಮಾಡಬೇಕು.

ದಿನಾ ಇಷ್ಟೆಲ್ಲ ಯಾರು ಮಾಡುತ್ತಾರೆ, ಅಲ್ವಾ? ನಾನೂ ಮಾಡುವುದಿಲ್ಲ. ಡಾರ್ಕ್‌ಟೇಬಲ್‌ನ `tone equalizer` ಇದೇ ಕೆಲಸ ಮಾಡುತ್ತದೆ, ಅಂಚು ಉಳಿಸುವ ಮಸುಕು ಅದರೊಳಗೇ ಇದೆ. ಒಳ್ಳೆಯದೇನೆಂದರೆ ಅದರ ನಕ್ಷೆಯನ್ನು ತೆರೆಯ ಮೇಲೆ ತೋರಿಸಿಕೊಂಡು ಸರಿಮಾಡಬಹುದು. ಎರಡು ಫೈಲ್ ತಾನಾಗೇ ಬೆರೆಯಲಿ ಅಂದರೆ `enfuse` ಇದೆ. ಅದಕ್ಕೆ ನಡುವಿನ ಒಂದೂವರೆ ಸ್ಟಾಪ್‌ನ ಫೈಲ್ ಒಂದನ್ನೂ ಕೊಡಿ, ಇಲ್ಲದಿದ್ದರೆ ಮಧ್ಯದ ಛಾಯೆಗಳು ವಿಚಿತ್ರವಾಗುತ್ತವೆ:

```
enfuse -o out.tif sky.tif mid.tif shade.tif
```

ಕೊನೆಗೆ ಬಣ್ಣ. ನೆರಳಿಗೆ ಬರುವ ಬೆಳಕಿನಲ್ಲಿ ಆಕಾಶದ ಪಾಲು ಇರುವುದರಿಂದ ಏರಿಸಿದ ಕಲ್ಲು ನೀಲಿಗೆ ತಿರುಗಬಹುದು. ಹಾಗಾದರೆ `shade.tif` ತೆಗೆಯುವಾಗಲೇ ವೈಟ್ ಬ್ಯಾಲೆನ್ಸ್ ಸ್ವಲ್ಪ ಬೆಚ್ಚಗೆ ಮಾಡಿ. ಪೂರ್ತಿ ತೆಗೆಯಬೇಡಿ, ನೆರಳಿನ ತಂಪು ಕೊಂಚ ಇರಲಿ.

ಮತ್ತೆ ಆ ಕಡೆ ಹೋದರೆ ಬ್ರಾಕೆಟಿಂಗ್ ಹಾಕಿ 1/500, 1/125, 1/30 ಹೀಗೆ ಮೂರು ತೆಗೆಯಿರಿ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಸುಮ್ನೆ ಜಗಳ ಬೇಡ. ಭುಜವನ್ನು ಗೋಡೆಗೆ ಒರಗಿಸಿ ನಿಂತರೆ 1/30 ಸಾಮಾನ್ಯವಾಗಿ ಅಲುಗದೆ ಬರುತ್ತದೆ. ಬೆರೆಸುವ ಮುಂಚೆ `align_image_stack` ಓಡಿಸಿ ಮೂರನ್ನೂ ಒಂದರ ಮೇಲೊಂದು ಕೂರಿಸಿ. ಅಂಗಳದಲ್ಲಿ ನಡೆದಾಡುವವರು ಮೂರು ಕಡೆ ದೆವ್ವದ ಹಾಗೆ ಕಂಡರೆ, ಅಷ್ಟು ಜಾಗವನ್ನು 1/500 ರದ್ದರಿಂದ ಮಾತ್ರ ತೆಗೆದುಕೊಳ್ಳಿ.