ವಾಯ್ಸ್ ಮೆಸೇಜ್ ಬಂದಿದೆ, ಕೇಳುವ ಹಾಗಿಲ್ಲ

ಪ್ರಶ್ನೆ: ಊರಿನಿಂದ ಚಿಕ್ಕಪ್ಪ ವಾಟ್ಸ್ಆ್ಯಪ್‌ನಲ್ಲಿ ಉದ್ದುದ್ದ ವಾಯ್ಸ್ ಮೆಸೇಜ್ ಕಳುಹಿಸುತ್ತಾರೆ. ಕೆಲಸದ ವೇಳೆ ಕೇಳಲಾಗದು. ಉತ್ತರಿಸದಿದ್ದರೆ ಬೇಸರಿಸಿಕೊಳ್ಳುತ್ತಾರೆ. ಟೈಪ್ ಮಾಡಿ ಎಂದು ಹೇಳಬಹುದೇ?

ಟೈಪ್ ಮಾಡಿ ಎಂದು ಹೇಳಬೇಡಿ. ಕನ್ನಡ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುವುದು ಹಿರಿಯರಿಗೆ ದೊಡ್ಡ ಶ್ರಮ. ಮಾತನಾಡಲು ಒಂದು ಗುಂಡಿ ಸಾಕು.

ಮಾಡಬಾರದ ಕೆಲಸವೆಂದರೆ, ಕೇಳದೆಯೇ ‘ಸರಿ’ ಎನ್ನುವುದು ಅಥವಾ ಹೆಬ್ಬೆರಳಿನ ಚಿಹ್ನೆ ಒತ್ತುವುದು. ನಾನು ಬ್ಯಾಂಕಿನ ಕೌಂಟರಿನಲ್ಲಿರುವವನು, ಹಗಲೆಲ್ಲ ಏನನ್ನೂ ಕೇಳಲಾಗುವುದಿಲ್ಲ. ನನ್ನ ದೊಡ್ಡಪ್ಪನ ಸಂದೇಶದಲ್ಲಿ ಮೊದಲು ಮಳೆ, ಆಮೇಲೆ ಹಸುವಿನ ಕಾಲುನೋವು, ಕೊನೆಯ ಐದು ಸೆಕೆಂಡಿನಲ್ಲಿ ‘ಗುರುವಾರ ನಾಡಕಚೇರಿಗೆ ಬಾ, ಪಹಣಿಯ ಪ್ರತಿ ತೆಗೆದುಕೊಂಡು ಬಾ’ ಎಂಬ ಮಾತು ಇರುತ್ತದೆ. ಅದಕ್ಕೆ ‘ಸರಿ’ ಎಂದರೆ ಗುರುವಾರ ಅವರು ಅಲ್ಲಿ ಕಾದು ನಿಲ್ಲುತ್ತಾರೆ. ಮೊದಲೆರಡು ಮಾತು ಮಾತ್ರ ಕೇಳಿ ನಿಲ್ಲಿಸುವುದೂ ಬೇಡ. ಮೈಕ್ ಚಿಹ್ನೆ ನೀಲಿಯಾದರೆ ಕಳುಹಿಸಿದವರು ನೀವು ಪೂರ್ತಿ ಕೇಳಿದಿರಿ ಎಂದೇ ತಿಳಿಯುತ್ತಾರೆ. ಓದಿದ ಗುರುತನ್ನು ಸೆಟ್ಟಿಂಗ್‌ನಲ್ಲಿ ಮುಚ್ಚಿಟ್ಟರೂ ಈ ನೀಲಿ ಮರೆಯಾಗುವುದಿಲ್ಲ.

ನಾನು ಹೀಗೆ ಬರೆಯುತ್ತೇನೆ: ‘ದೊಡ್ಡಪ್ಪ, ನಿಮ್ಮ ಮಾತು ಬಂದಿದೆ, ಇನ್ನೂ ಕೇಳಿಲ್ಲ. ಕೌಂಟರಿನಲ್ಲಿದ್ದೇನೆ, ಸಂಜೆ ಆರಕ್ಕೆ ಕೇಳಿ ಉತ್ತರಿಸುತ್ತೇನೆ. ಅವಸರವಿದ್ದರೆ ಫೋನ್ ಮಾಡಿ.’ ಇದರಲ್ಲಿ ‘ಇನ್ನೂ ಕೇಳಿಲ್ಲ’ ಎಂಬುದನ್ನೂ ವೇಳೆಯನ್ನೂ ಬಿಡಬೇಡಿ. ‘ಆಮೇಲೆ ಕೇಳುತ್ತೇನೆ’ ಎಂದಷ್ಟೇ ಬರೆದರೆ ಅವರು ಮತ್ತೆ ಮತ್ತೆ ಫೋನ್ ನೋಡುತ್ತಿರುತ್ತಾರೆ. ಓದಲು ಬಾರದವರಾದರೆ ಹೊರಗೆ ಹೋಗಿ ಇದನ್ನೇ ಹತ್ತು ಸೆಕೆಂಡಿನಲ್ಲಿ ಹೇಳಿ ಕಳುಹಿಸಿ.

ಸಂಜೆ ಕೇಳಿದ ಮೇಲೆ, ನಿಮಗೆ ಅರ್ಥವಾದದ್ದನ್ನು ತಿರುಗಿ ಬರೆಯಿರಿ: ‘ಗುರುವಾರ, ನಾಡಕಚೇರಿ, ಪಹಣಿಯ ಪ್ರತಿ ಒಂದು. ಇಷ್ಟೇ ತಾನೇ?’ ಬುಧವಾರ ರಾತ್ರಿ ನೆನಪಿಗೆ ಬಾರದಿದ್ದರೆ ಚಾಟ್‌ನಲ್ಲಿ ‘ಪಹಣಿ’ ಎಂದು ಹುಡುಕಿದರೆ ಈ ಸಾಲು ಸಿಗುತ್ತದೆ. ಧ್ವನಿಯೊಳಗಿನ ಮಾತನ್ನು ಹಾಗೆ ಹುಡುಕಲಾಗುವುದಿಲ್ಲ.

ನೀವು ಕಳುಹಿಸುವಾಗ ಅಂಕಿ, ವಿಳಾಸ, ಔಷಧಿಯ ಹೆಸರು ಇದ್ದರೆ ಟೈಪ್ ಮಾಡಲೇಬೇಕು. ಕೌಂಟರಿನಲ್ಲಿ ದಿನವೂ ನೋಡುತ್ತೇನೆ: ಖಾತೆ ಸಂಖ್ಯೆಯನ್ನು ಧ್ವನಿಯಲ್ಲಿ ಪಡೆದವರು ಫೋನ್ ಕಿವಿಗಿಟ್ಟುಕೊಂಡು, ಮತ್ತೆ ಮತ್ತೆ ಹಿಂದಕ್ಕೆ ಓಡಿಸುತ್ತ ಚಲನ್ ತುಂಬುತ್ತಾರೆ. ಐಎಫ್‌ಎಸ್‌ಸಿ ಕೋಡಿನ ಐದನೆಯ ಸ್ಥಾನದಲ್ಲಿ ಸೊನ್ನೆ ಇರುತ್ತದೆ. ‘ಓ’ ಎಂದು ಓದಿ ಹೇಳಿದರೆ ಕೇಳಿದವರು ಅಕ್ಷರವನ್ನೇ ಬರೆಯುತ್ತಾರೆ. ಟೈಪ್ ಮಾಡಿದ್ದರೆ ನಕಲು ಮಾಡಿಕೊಂಡರಾಯಿತು. ಸಾವಿನ ಮನೆಗೆ ಸಮಾಧಾನ ಹೇಳುವಾಗ, ಮನಸ್ತಾಪ ತಿಳಿಯಾಗಿಸುವಾಗ ಮಾತ್ರ ನಾನು ಧ್ವನಿಯನ್ನೇ ಆರಿಸುತ್ತೇನೆ. ಅಲ್ಲಿ ಬರೆದ ‘ಸರಿ ಬಿಡು’ ಕೋಪವೋ ಕ್ಷಮೆಯೋ ತಿಳಿಯದು.

ಸಂಜೆ ಬಸ್ಸಿನಲ್ಲಿ ಇಯರ್‌ಫೋನ್ ಇಲ್ಲದಿದ್ದರೆ, ಸಂದೇಶವನ್ನು ಒತ್ತಿ ಫೋನನ್ನು ಕಿವಿಗಿಟ್ಟುಕೊಳ್ಳಿ. ಧ್ವನಿ ಕರೆಯಂತೆ ನಿಮಗಷ್ಟೇ ಕೇಳಿಸುತ್ತದೆ, ಚಿಕ್ಕಪ್ಪನ ಮನೆಯ ಮಾತು ಪಕ್ಕದ ಸೀಟಿಗೆ ತಲುಪುವುದಿಲ್ಲ.