ಎರಡೇ ಹೆಜ್ಜೆಗೆ ನಿಂತ ಕಾಂಜುಗೇಟ್ ಗ್ರೇಡಿಯೆಂಟ್

"ಮೈಸೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. 500 ಚರಗಳ ವರ್ಗೋಕ್ತಿ, ಅದರ ಮಾತೃಕೆ A = I + uuᵀ, |u|² = 9. ಕಾಂಜುಗೇಟ್ ಗ್ರೇಡಿಯೆಂಟ್ ವಿಧಾನದಲ್ಲಿ ಎರಡೇ ಹೆಜ್ಜೆಗೆ ಕನಿಷ್ಠ ಬಿಂದು ಸಿಕ್ಕಿತು. ಕೋಡ್ ತಪ್ಪಿರಬಹುದೇ?"

ಕೋಡ್ ಸರಿಯಾಗಿಯೇ ಇರುವಂತಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಚರಗಳ ಸಂಖ್ಯೆಯಲ್ಲ, ಬೇರೆ ಬೇರೆ ಐಗೆನ್ ಮೌಲ್ಯಗಳು ಎಷ್ಟಿವೆ ಎಂಬುದು. ನಿಮ್ಮ A ಗೆ u ದಿಕ್ಕಿನಲ್ಲಿ 10, ಅದಕ್ಕೆ ಲಂಬವಾದ 499 ದಿಕ್ಕುಗಳಲ್ಲೂ 1.

k ಹೆಜ್ಜೆಗಳ ನಂತರದ ದೋಷ p(A)e₀. ಇಲ್ಲಿ e₀ ಆರಂಭದ ದೋಷ, p ಎಂಬುದು ಹೆಚ್ಚೆಂದರೆ k ಘಾತದ, p(0) = 1 ಆಗಿರುವ ಬಹುಪದೋಕ್ತಿ. ಅಂಥವುಗಳಲ್ಲಿ ವರ್ಗೋಕ್ತಿಯನ್ನು ಅತಿ ಕೆಳಕ್ಕೆ ಇಳಿಸುವುದನ್ನು ವಿಧಾನವೇ ಆರಿಸಿಕೊಳ್ಳುತ್ತದೆ. ನಿಮಗೆ (1−λ)(1−λ/10) ಸಾಕು: 1 ರಲ್ಲೂ 10 ರಲ್ಲೂ ಅದು ಸೊನ್ನೆ, ದೋಷ ಪೂರ್ತಿ ಅಳಿಯುತ್ತದೆ.

ಅನುಮಾನವಿದ್ದರೆ I ಬದಲು ಕರ್ಣದಲ್ಲಿ 1 ರಿಂದ 500 ರವರೆಗಿನ ಸಂಖ್ಯೆಗಳನ್ನಿಟ್ಟು ಓಡಿಸಿ. ಆಗಲೂ ಎರಡಕ್ಕೇ ನಿಂತರೆ ಕೋಡನ್ನು ಜಾಲಾಡಿ. ಅಂದ ಹಾಗೆ, ಶೇಷ ನಿಖರವಾಗಿ ಸೊನ್ನೆಯಾಗಲೆಂದು ಕಾಯಬೇಡಿ. ದಶಾಂಶಗಳ ಕತ್ತರಿಕೆ ಅದಕ್ಕೆ ಬಿಡುವುದಿಲ್ಲ.